ಚರಟದ ಡಬ್ಬ

ನನ್ನ ತಂಗಿ ನನ್ನನ್ನು ಕೇಳಿದ್ದು ಟೀ ಪುಡಿ. ನಾನು ಕೊಟ್ಟಿದ್ದು ಚರಟ. ಕೊಡುವಾಗ ನನಗೆ ಅದರಿಂದ ಏನಾಗುತ್ತದೆ ಎಂದು ಗೊತ್ತಿರಲಿಲ್ಲ, ಅದು ನಿಜ. ಆದರೆ ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಒಂದು ಮಾತು ಹೇಳಿದ್ದರೆ ಅವಳು ಕಳ್ಳಿ ಎನ್ನಿಸಿಕೊಳ್ಳುತ್ತಿರಲಿಲ್ಲ. ಆ ಒಂದು ಮಾತನ್ನು ನಾನು ಹೇಳಲಿಲ್ಲ.

ಹುಣಸೂರಿನಲ್ಲಿ ತಂಬಾಕು ಹರಾಜು ನಡೆಯುವ ಮಾರುಕಟ್ಟೆಯ ಎದುರು ನನ್ನದೊಂದು ಟೀ ಅಂಗಡಿ. ತಗಡಿನ ಚಾವಣಿ, ಮುಂದೆ ಎರಡು ಬೆಂಚು, ಹಿಂದೆ ನಾನು ಮಲಗುವ ಕೋಣೆ. ಆರನೇ ತರಗತಿಗೆ ನಾನು ಶಾಲೆ ಬಿಟ್ಟೆ. ತಂಗಿ ನನಗಿಂತ ತುಂಬ ಚಿಕ್ಕವಳು. ಅವಳು ಇದೇ ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಇರುತ್ತಿದ್ದುದು ಹಾಸ್ಟೆಲಿನಲ್ಲಿ. ಸಂಜೆ ಅಂಗಡಿಗೆ ಬಂದು, ನಾನು ಬೇಡವೆಂದರೂ ಒಂದಷ್ಟು ಲೋಟ ತೊಳೆದು, ಬನ್ನು ತಿಂದು ಹೋಗುತ್ತಿದ್ದಳು.

ಹರಾಜಿನ ಕಾಲದಲ್ಲಿ ನಮ್ಮ ರಸ್ತೆಗೆ ಉಸಿರಾಡಲು ಬಿಡುವಿರುವುದಿಲ್ಲ. ಪಿರಿಯಾಪಟ್ಟಣದ ಕಡೆಯಿಂದ, ಎಚ್.ಡಿ. ಕೋಟೆ ಕಡೆಯಿಂದ ರೈತರು ತಂಬಾಕಿನ ಬೇಲುಗಳನ್ನು ಗಾಡಿಗೆ ಹೇರಿಕೊಂಡು ಬಂದು ತಮ್ಮ ಸರದಿಗೆ ಕಾಯುತ್ತಾರೆ. ಕಾಯುವವರಿಗೆ ಬೇಕಾದದ್ದು ಟೀ. ನಮ್ಮ ಅಂಗಡಿಯಲ್ಲಿ ಹಾಲು ಒಂದು ಒಲೆಯ ಮೇಲೆ, ನೀರು ಮತ್ತು ಪುಡಿ ಇನ್ನೊಂದು ಒಲೆಯ ಮೇಲೆ. ಚೆನ್ನಾಗಿ ಕುದಿಸಿದ ಡಿಕಾಕ್ಷನ್ನನ್ನು ಬಟ್ಟೆಯಲ್ಲಿ ಸೋಸಿ ಇಟ್ಟುಕೊಂಡು, ಕೇಳಿದಾಗ ಹಾಲಿಗೆ ಬೆರೆಸಿ ಕೊಡುತ್ತೇವೆ. ಬಟ್ಟೆಯಲ್ಲಿ ಉಳಿಯುವುದು ಚರಟ.

ಈ ಅಂಗಡಿಯನ್ನು ನನಗೆ ಬಿಟ್ಟುಹೋದವರು ನನ್ನ ಅತ್ತೆ. ಅವರು ಚರಟ ಎಸೆಯುತ್ತಿರಲಿಲ್ಲ. ಗೋಣಿಯ ಮೇಲೆ ಹರವಿ ತಗಡಿನ ಮೇಲೆ ಒಣಗಿಸುತ್ತಿದ್ದರು. ಒಣಗಿದ್ದನ್ನು ಕಬ್ಬಿಣದ ಬಾಣಲೆಯಲ್ಲಿ ಬಣ್ಣ ಬರುವಷ್ಟು ಹುರಿದು, ವಾಸನೆಗೆಂದು ಒಂದು ಹಿಡಿ ಹೊಸ ಪುಡಿ ಬೆರೆಸಿ ಬೇರೆ ಡಬ್ಬದಲ್ಲಿ ತುಂಬುತ್ತಿದ್ದರು. ಜನ ಮುಗಿಬೀಳುವ ದಿನ ಅರ್ಧ ಈ ಡಬ್ಬದ್ದು, ಅರ್ಧ ಆ ಡಬ್ಬದ್ದು. ನಾನೂ ಅದನ್ನೇ ಮುಂದುವರಿಸಿದೆ. ತಪ್ಪು ಎಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ತಂಗಿ ಕಾಲೇಜಿಗೆ ಹೋಗಿರುವ ಹೊತ್ತಿನಲ್ಲೇ ಗೋಣಿ ಹರವುತ್ತಿದ್ದೆ.

ಒಬ್ಬ ಮುದುಕ ರೈತ ಮಾತ್ರ ಪ್ರತಿಸಲ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. "ಏನವ್ವಾ, ನಮ್ ಒಗೆಸೊಪ್ಪನ್ನೇ ಕುದಿಸ್ಬುಟ್ಟಿದ್ದೀಯಾ? ಬಣ್ಣ ಮಾತ್ರ ಅಂಗೇ ಅದೆ ಕಣವ್ವ!" ಬೆಂಚಿನಲ್ಲಿದ್ದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ತಂಗಿ ಪುಡಿ ಕೇಳಿದ್ದು ಅಂಥದೇ ಒಂದು ಹರಾಜಿನ ದಿನ.

"ಅಕ್ಕ, ಟೀ ಪುಡಿ ಬೇಕು ಕಣಕ್ಕ. ಲ್ಯಾಬಿಗೆ."

"ಲ್ಯಾಬಲ್ಲಿ ಟೀ ಕಾಯಿಸ್ತೀರೇನೇ?"

"ಕುಡಿಯಾಕಲ್ಲ. ಟೀಲಿ ಕೆಫೀನ್ ಅಂತ ಇರ್ತದೆ. ಕುಡಿದ್ರೆ ನಿದ್ದೆ ಬರಲ್ವಲ್ಲ, ಅದು ಅದರಿಂದ್ಲೇ. ಅದೊಂದನ್ನೇ ಬೇರೆ ಮಾಡಿ, ಬೆಳ್ಳಗೆ ಸೂಜಿ ಸೂಜಿ ಥರ ತೆಗೀಬೇಕು. ನನ್ನ ಪ್ರಾಜೆಕ್ಟು."

"ಆಮೇಲೆ ಆ ಪುಡೀನ ಏನ್ ಮಾಡ್ತೀಯ?"

"ಇನ್ನೇನ್ ಮಾಡ್ತಾರೆ? ಕುದಿಸಿ, ಸೋಸಿ, ಬಿಸಾಕೋದು."

ಬಿಸಾಕೋದು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕೈ ಚರಟದ ಡಬ್ಬದ ಕಡೆ ಹೋಯಿತು. ಕುದಿಸಿ ಬಿಸಾಡುವುದಕ್ಕೆ ಒಳ್ಳೆಯ ಪುಡಿ ಏಕೆ? ಹೊರಗೆ ಜನ ಕೂಗುತ್ತಿದ್ದರು, ಹೊಸ ಪುಡಿ ತಳ ಕಂಡಿತ್ತು. ಒಂದು ದೊಡ್ಡ ಕವರಿನ ತುಂಬ ಹುರಿದ ಚರಟ ತುಂಬಿ ಕೊಟ್ಟೆ. ಅವಳು ಮೂಗಿನ ಹತ್ತಿರ ಹಿಡಿದು ನೋಡಿದಳು.

"ವಾಸನೆ ಕಮ್ಮಿ ಅದಲ್ಲಕ್ಕ?"

"ಮುಚ್ಚಳ ತೆಗೆದಿಟ್ಟಿದ್ದೆ. ಆರೋಗದೆ ಕಣೇ."

ಅವಳು ನಂಬಿದಳು. ಅಷ್ಟೇ ಅಲ್ಲ. "ಬೇರೆಯವರೆಲ್ಲ ಅಂಗಡೀಲಿ ಪ್ಯಾಕೆಟ್ ತಂದವ್ರೆ. ನಾನು ನಮ್ಮಕ್ಕನ ಅಂಗಡಿ ಪುಡಿ ಅಂತಾನೇ ಬರೀತೀನಿ," ಎಂದು ಹೇಳಿ ಹೋದಳು.

ಆ ಪ್ರಾಜೆಕ್ಟಿನ ಮೇಲೆ ಅವಳಿಗೆ ಮಾರ್ಕಿಗಿಂತ ದೊಡ್ಡ ಆಸೆ ಇತ್ತು. ಕುಶಾಲನಗರದ ಕಡೆ ಒಂದು ಕಾಫಿ ಕಾರ್ಖಾನೆ ಇದೆ. ಅಲ್ಲಿ ಬರುವ ಕಾಫಿ ಬೀಜವನ್ನು ಪರೀಕ್ಷೆ ಮಾಡುವ ಲ್ಯಾಬಿಗೆ ಒಬ್ಬರು ಬೇಕಾಗಿದ್ದರು. ಕೆಮಿಸ್ಟ್ರಿ ಮೇಡಂಗೆ ಅಲ್ಲಿನವರ ಪರಿಚಯ. "ಈ ಕೆಲಸ ಕೈ ಶುದ್ಧವಾಗಿ ಮಾಡಿ ತೋರಿಸು, ನಾನೇ ಹೇಳ್ತೀನಿ," ಎಂದಿದ್ದರಂತೆ. ಮೇಡಂ ಹೇಳಿದರೆ ಕೆಲಸ ಸಿಕ್ಕಿದ ಹಾಗೆ. ಇಲ್ಲದಿದ್ದರೆ ನಮ್ಮಂಥವರನ್ನು ಕರೆಯುವವರು ಯಾರೂ ಇರಲಿಲ್ಲ.

ಮೊದಲ ಸಲ ಮಾಡಿದ ದಿನ ಸಂಜೆ ಮುಖ ಸಪ್ಪೆ ಮಾಡಿಕೊಂಡು ಬಂದಳು.

"ಬರ್ಲಿಲ್ಲ ಕಣಕ್ಕ. ಉಸಿರು ಬಿಟ್ರೆ ಗಾಜಿನ ಮೇಲೆ ಮಂಜಾಗಲ್ವಾ, ಅಷ್ಟು ಕೂಡ ಸರಿಯಾಗಿ ಬರ್ಲಿಲ್ಲ."

"ನಾಳೆ ಬತ್ತದೆ ಬುಡು," ಎಂದೆ. ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಹಿಟ್ಟು ಹದಕ್ಕೆ ಬರಲಿಲ್ಲ ಎಂದು ಯಾರಾದರೂ ಹೇಳಿದ ಹಾಗೆ ಕೇಳಿಸಿಕೊಂಡೆ.

ಎರಡನೇ ಸಲವೂ ಬರಲಿಲ್ಲ. ಆಗ ಅವಳು ತನ್ನ ಕೈಯನ್ನೇ ಅನುಮಾನಿಸತೊಡಗಿದಳು. ಸೋಸಿದ ಟೀ ನೀರನ್ನೂ ಇನ್ನೊಂದು ದ್ರವವನ್ನೂ ನಲ್ಲಿ ಇರುವ ಗಾಜಿನ ಬುರುಡೆಯಲ್ಲಿ ಹಾಕಿ ಕಲಕಬೇಕಂತೆ. "ನಾನು ಜೋರಾಗಿ ಅಲ್ಲಾಡಿಸಿಬಿಟ್ನೇನೋ. ಮೆತ್ತಗೆ ತಿರುಗಿಸಬೇಕು. ಇಲ್ದಿದ್ರೆ ಮಜ್ಜಿಗೆ ಥರ ನೊರೆ ಕಟ್ಕೊಂಡು ಎರಡೂ ಬೇರೆ ಆಗಲ್ಲ. ಅದರಲ್ಲೇ ಎಲ್ಲಾ ಹೋಗಿರಬೇಕು." ಒಬ್ಬ ಸಹಪಾಠಿ, "ನಿಮ್ಮಕ್ಕನ ಟೀ ಕುಡಿದ್ರೆ ನಿದ್ದೆ ಬರ್ತದಂತೆ ಕಣೇ," ಎಂದು ಎಲ್ಲರ ಮುಂದೆ ನಗಾಡಿದನಂತೆ. ಅವಳು ಅದನ್ನು ತಮಾಷೆಗೆ ಹೇಳಿದಳು. ಆದರೂ ಬನ್ನನ್ನು ಅರ್ಧಕ್ಕೇ ಬಿಟ್ಟಳು.

ಮೂರನೇ ಸಲ ಸೋತು ಬಂದ ಸಂಜೆ ಅಂಗಡಿಯಲ್ಲಿ ಯಾರೂ ಇರಲಿಲ್ಲ. ನಾನು ಸೋಸುವ ಬಟ್ಟೆ ಹಿಂಡುತ್ತಿದ್ದೆ. ಅವಳು ಬೆಂಚಿನ ಮೇಲೆ ಕುಳಿತು, ನನಗೆ ಹೇಳುವ ನೆಪದಲ್ಲಿ ತಪ್ಪು ಎಲ್ಲಿದೆ ಎಂದು ತಾನೇ ಹುಡುಕುತ್ತಿದ್ದಳು.

"ಮೊದ್ಲು ಪುಡೀನ ವಾಷಿಂಗ್ ಸೋಡ ಹಾಕಿದ ನೀರಲ್ಲಿ ಕುದಿಸ್ತೀನಿ. ಒಗರಿನ ಅಂಶ ಎಲ್ಲಾ ಸೋಡಕ್ಕೆ ಸೇರ್ಕೊಂಡು ನೀರಲ್ಲೇ ನಿಂತ್ಕೊತದೆ. ಸೋಸಿ, ಆರಿಸಿ, ಡಿಸಿಎಂ ಅಂತ ಒಂದು ದ್ರವ ಅದೆ, ಅದನ್ನ ಹಾಕ್ತೀನಿ. ಕೆಫೀನಿಗೆ ನೀರಿಗಿಂತ ಅದೇ ಇಷ್ಟ, ಅದಕ್ಕೆ ಹೋಗ್ಬುಡ್ತದೆ. ಡಿಸಿಎಂ ಭಾರ, ತಳಕ್ಕೆ ಇಳೀತದೆ. ನಲ್ಲಿ ತಿರುಗಿಸಿ ತಳದ್ದನ್ನ ತಗೊಂಡು, ಅದನ್ನ ಆವಿ ಮಾಡಿದ್ರೆ ಕೊನೇಲಿ ಹಸಿರು ಮಿಶ್ರ ಬೆಳ್ಳಗೆ ಒಂದು ಪದರ ಉಳೀಬೇಕು. ನಂಗೆ ಬರೀ ಕಲೆ ಉಳೀತದೆ. ಹಂಗಾದ್ರೆ ನೀರಿಗೇ ಬಂದಿಲ್ಲ ಅಂತ ತಾನೇ? ಆದ್ರೆ ಅದೆಂಗಾಯ್ತದೆ? ಬಿಸಿನೀರಲ್ಲಿ ಕುದಿಸಿದ್ ಮೇಲೆ ಕೆಫೀನೆಲ್ಲಾ ನೀರಿಗೇ ಬಂದ್ಬುಡ್ತದೆ ಕಣಕ್ಕ. ಚರಟದಲ್ಲಿ ಏನೂ ಉಳಿಯಲ್ಲ."

ಬಟ್ಟೆ ನನ್ನ ಕೈಯಲ್ಲಿತ್ತು. ಅದರ ತುಂಬ ಚರಟ. ಹೇಳು ಎಂದು ಒಳಗಿನಿಂದ ಯಾರೋ ನೂಕಿದ ಹಾಗಾಯಿತು. ನಾನು ಬಟ್ಟೆಯನ್ನು ಇನ್ನೊಂದು ಸಲ ಹಿಂಡಿದೆ, ಅದರಲ್ಲಿ ನೀರಿಲ್ಲದಿದ್ದರೂ.

"ಏನಕ್ಕ, ಸುಮ್ಗಾದೆ?"

"ಏನಿಲ್ಲ. ನಂಗೆಲ್ಲಿ ಅರ್ಥ ಆಯ್ತದೆ ಇದೆಲ್ಲಾ."

ಯಾಕೆ ಹೇಳಲಿಲ್ಲ ಎಂದು ಬಹಳ ಸಲ ಯೋಚಿಸಿದ್ದೇನೆ. ಅಂಗಡಿಯ ಹೆಸರು ಹಾಳಾಗುತ್ತದೆ ಎಂಬ ಹೆದರಿಕೆ ಇತ್ತು. ಕಾಲೇಜಿನವರು ಯಾರಿಗಾದರೂ ಹೇಳಿ ಅಧಿಕಾರಿಗಳು ಬಂದು ಬೀಗ ಹಾಕಿದರೆ ಎಂಬ ಭಯವೂ ಇತ್ತು. ಆದರೆ ಅವೆರಡಕ್ಕಿಂತ ಹೆಚ್ಚಾಗಿ, 'ನಮ್ಮಕ್ಕನ ಅಂಗಡಿ' ಎಂದು ಹೇಳುವಾಗ ಅವಳ ಮುಖ ಹೇಗಿರುತ್ತಿತ್ತೋ ಆ ಮುಖ ಬದಲಾಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವಳ ಸೋಲನ್ನು ನೋಡುವುದು ನನಗೆ ಅದಕ್ಕಿಂತ ಸುಲಭವಾಯಿತು. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಮಾರನೇ ದಿನ ಅವಳು ಕಾಲೇಜಿಗೆ ಹೋಗುವ ದಾರಿಯಲ್ಲೇ ಬಂದಳು.

"ಅಕ್ಕ, ಇನ್ನೊಂದು ಸ್ವಲ್ಪ ಪುಡಿ ಬೇಕು. ಮೊದಲಿನ ಕವರಲ್ಲಿ ಒಂದ್ಸಲಕ್ಕಾಗೋಷ್ಟು ಉಳಿದದೆ, ಅದನ್ನ ಮಾದರಿಗೆ ಎತ್ತಿಡಬೇಕಂತೆ. ಅದೇ ಡಬ್ಬದ್ದೇ ಕೊಡು. ಪುಡಿ ಬದಲಾದ್ರೆ ತಪ್ಪು ಎಲ್ಲಿ ಅಂತ ಗೊತ್ತಾಗಲ್ಲ, ಅದೇ ಇರ್ಲಿ ಅಂದವ್ರೆ ಮೇಡಂ."

ನಾನು ಅವಳಿಗೆ ಬೆನ್ನು ಮಾಡಿ ನಿಂತು, ಹೊಸ ಪುಡಿಯ ಡಬ್ಬದಿಂದ ತುಂಬಿದೆ.

"ಅದೇ ತಾನೇ?"

"ಅದೇ ಕಣೇ."

ಸರಿ ಮಾಡಿಬಿಟ್ಟೆ ಎಂದುಕೊಂಡೆ. ಯಾರಿಗೂ ನೋವಾಗದೆ, ಯಾರಿಗೂ ಗೊತ್ತಾಗದೆ ಮುಗಿದುಹೋಯಿತು ಎನ್ನಿಸಿ ಆವತ್ತು ಹಾಲಿಗೆ ಸಕ್ಕರೆ ಹಾಕುವಾಗ ಕೈ ಹಗುರವಾಗಿತ್ತು.

ಆ ಸಂಜೆ ಅವಳು ಓಡಿಕೊಂಡೇ ಬಂದಳು. ಫೋನಿನಲ್ಲಿ ಫೋಟೋ ತೋರಿಸಿದಳು. ಗಾಜಿನ ಆಲಿಕೆಯನ್ನು ಬೋರಲು ಹಾಕಿದೆ. ಅದರ ಒಳಗೋಡೆಯ ತುಂಬ ಬೆಳ್ಳನೆಯ ಸೂಜಿಗಳು, ಚಳಿಗಾಲದ ಬೆಳಿಗ್ಗೆ ಎಳೆಗರಿಕೆಯ ಮೇಲೆ ಬೆಳ್ಳಗೆ ನಿಂತ ಇಬ್ಬನಿಯ ಹಾಗೆ. "ಬಂತು ಕಣಕ್ಕ! ನೋಡು, ಎಷ್ಟೊಂದು!" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಬೆಂಚಿನ ಮೇಲಿದ್ದ ಮುದುಕ ರೈತ ಬಗ್ಗಿ ನೋಡಿ, "ಇದೇನವ್ವ, ಉಪ್ಪಾ?" ಎಂದ. "ಟೀ ಒಳಗಿನ ಜೀವ ತಾತ," ಎಂದಳು. "ಅಂಗಾರೆ ನಮ್ ಲೋಟಕ್ಕೆ ಇನ್ನೇನು ಬುಟ್ಟಿದ್ದೀಯವ್ವ?" ಎಂದು ಅವನು ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. ತಂಗಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮಾರನೇ ಸಂಜೆ ಅವಳು ಬರಲಿಲ್ಲ. ಅದರ ಮರುದಿನ ಬಂದವಳು ಲೋಟ ತೊಳೆಯಲು ಹೋಗದೆ ಬೆಂಚಿನ ತುದಿಯಲ್ಲಿ ಕುಳಿತಳು.

"ಮೇಡಂ ನನ್ನ ಕಳ್ಳಿ ಅಂದ್ರು."

ಮೇಡಂ ಅಷ್ಟು ನೇರವಾಗಿ ಅಂದಿರಲಿಕ್ಕಿಲ್ಲ. ಆದರೆ ಕೇಳಿದ ಪ್ರಶ್ನೆಯ ಅರ್ಥ ಅದೇ. ಅದೇ ಪುಡಿ, ಅದೇ ಹುಡುಗಿ, ಅದೇ ಲ್ಯಾಬು. ಮೂರು ಸಲ ಏನೂ ಇಲ್ಲ, ನಾಲ್ಕನೇ ಸಲ ಆಲಿಕೆಯ ತುಂಬ. ಕಾಲೇಜಿನವರು ಕೊಂಡು ತಂದ ಶುದ್ಧ ಕೆಫೀನಿನ ಬಾಟಲಿ ಲ್ಯಾಬಿನ ಸ್ಟೋರಿನಲ್ಲಿತ್ತು. ತಾನು ತೆಗೆದ ಹರಳು ಕರಗುವ ಬಿಸಿಯನ್ನು ಅದರ ಜೊತೆ ಹೋಲಿಸಲೆಂದು ತಂಗಿ ನಾಲ್ಕನೇ ಸಲ ಮಾಡಿದ ದಿನ ಬೆಳಿಗ್ಗೆಯೇ ಸ್ಟೋರಿನ ಕೀ ಇಸಿದುಕೊಂಡು ಆ ಬಾಟಲಿ ತೆಗೆದಿದ್ದಳು. "ನಿಜ ಹೇಳಿಬಿಡು, ಅದರಿಂದ ತೆಗೆದು ಬಟ್ಟಲಿಗೆ ಹಾಕಿದೆಯಾ?" ಎಂದು ಮೇಡಂ ಎಲ್ಲರ ಮುಂದೆ ಕೇಳಿದರಂತೆ.

"ನೀನೇನಂದೆ?"

"ಇಲ್ಲ ಅಂದೆ. ಹಂಗಾದ್ರೆ ನನ್ನ ಕಣ್ಣೆದುರೇ ಇನ್ನೊಂದ್ಸಲ ಮಾಡು ಅಂದ್ರು. ಮೊದಲನೇ ಕವರಲ್ಲಿ ಇನ್ನೂ ಸ್ವಲ್ಪ ಪುಡಿ ಉಳಿದಿತ್ತು. ಅದನ್ನೇ ಬೀರುವಿನಲ್ಲಿಟ್ಟು ಬೀಗ ಹಾಕವ್ರೆ. ನಾಳೆ ಅದರಲ್ಲೇ ಮಾಡ್ಬೇಕು."

ಮೊದಲನೇ ಕವರು. ಚರಟ.

"ಹೊಸದಾಗಿ ಪುಡಿ ಕೊಡ್ತೀನಿ, ತಗೊಂಡೋಗು," ಎಂದೆ.

"ಬ್ಯಾಡ. ತಗೊಂಡೋದ್ರೆ ಇನ್ನೂ ಅನುಮಾನ ಪಡ್ತಾರೆ." ಅವಳು ಎದ್ದು ನಿಂತು ಚೀಲ ಹೆಗಲಿಗೆ ಹಾಕಿಕೊಂಡಳು. "ನಂಗೇನ್ ಭಯ ಇಲ್ಲ ಕಣಕ್ಕ. ಒಂದ್ಸಲ ಬಂದದ್ದು ಇನ್ನೊಂದ್ಸಲ ಬಂದೇ ಬತ್ತದೆ. ಪುಡಿ ಅದೇ ಅಲ್ವಾ?"

ನಾನು ತಲೆಯಾಡಿಸಿದೆ. ಹೌದು ಎನ್ನುವ ಹಾಗೆ ತಲೆಯಾಡಿಸಿದೆ. ಅವಳು ರಸ್ತೆ ದಾಟಿ ಹೋಗುವವರೆಗೂ ನೋಡುತ್ತಾ ನಿಂತಿದ್ದೆ.

ಬೆಳಿಗ್ಗೆ ಅಂಗಡಿ ತೆರೆದೆ. ಬೇಲಿನ ಗಾಡಿಗಳು ಸಾಲುಗಟ್ಟಿದ್ದವು. ಹಾಲು ಉಕ್ಕಿ ಒಲೆ ಆರಿತು, ಮತ್ತೆ ಹಚ್ಚಿದೆ. ಒಬ್ಬನಿಗೆ ಸಕ್ಕರೆ ಇಲ್ಲದ ಟೀ, ಇನ್ನೊಬ್ಬನಿಗೆ ಎರಡು ಸಲ ಸಕ್ಕರೆ. "ಯಾಕವ್ವ, ಜ್ವರವಾ?" ಎಂದು ಯಾರೋ ಕೇಳಿದರು. ಈಗ ಅವಳು ಚರಟಕ್ಕೆ ಸೋಡ ಹಾಕಿ ಕುದಿಸುತ್ತಿರಬೇಕು ಎಂದುಕೊಂಡೆ. ಈಗ ಸೋಸುತ್ತಿರಬೇಕು. ಈಗ ಗಾಜಿನ ಬುರುಡೆಯಲ್ಲಿ ಮೆತ್ತಗೆ, ಬಹಳ ಮೆತ್ತಗೆ, ಇದರಲ್ಲೇ ತಪ್ಪಾದೀತೆಂದು ತಿರುಗಿಸುತ್ತಿರಬೇಕು. ತಳದಲ್ಲಿ ಇಳಿದ ದ್ರವದಲ್ಲಿ ಇರಬೇಕಾದದ್ದನ್ನು ನಾನು ಎಂದೋ ಯಾವನೋ ರೈತನಿಗೆ ಲೋಟದಲ್ಲಿ ಹಾಕಿ ಮಾರಿಬಿಟ್ಟಿದ್ದೆ.

ಎರಡೂ ಒಲೆ ಆರಿಸಿದೆ. ಎರಡೂ ಡಬ್ಬಗಳನ್ನು ಚೀಲಕ್ಕೆ ಹಾಕಿಕೊಂಡೆ. "ಇದೇನವ್ವ, ಟೀ ಕೊಡದೆ ಓಯ್ತಿದ್ದೀಯಾ?" ಎಂದವರನ್ನು ದಾಟಿಕೊಂಡು ನಡೆದೆ.

ಕಾಲೇಜಿನ ಲ್ಯಾಬಿನ ಬಾಗಿಲಲ್ಲಿ ಅಟೆಂಡರು ತಡೆದರು. "ಟೀ ಯಾರೂ ಹೇಳಿಲ್ಲವಲ್ಲಮ್ಮ."

"ಟೀ ತಂದಿಲ್ಲ. ಒಳಗೆ ನನ್ನ ತಂಗಿ ಅವಳೆ."

"ಪ್ರಾಕ್ಟಿಕಲ್ ನಡೀತಾ ಅದೆ. ಮುಗೀಲಿ ಇರಿ."

ಕಿಟಕಿಯಿಂದ ಕಾಣುತ್ತಿತ್ತು. ಕೊನೆಯ ಹಂತಕ್ಕೆ ಬಂದಿದ್ದಳು. ಬಾಣಲೆಯಂಥದ್ದರಲ್ಲಿ ಮರಳು, ಮರಳಿನ ಮೇಲೆ ಪಿಂಗಾಣಿ ಬಟ್ಟಲು, ಬಟ್ಟಲಿನ ಮೇಲೆ ಸಣ್ಣ ತೂತುಗಳನ್ನು ಮಾಡಿದ ಕಾಗದ, ಅದರ ಮೇಲೆ ಬೋರಲು ಹಾಕಿದ ಆಲಿಕೆ. ಆಲಿಕೆಯ ಕೊಳವೆಯ ಬಾಯಿಗೆ ಹತ್ತಿ. ಆವತ್ತು ಫೋಟೋ ತೋರಿಸುವಾಗ ಅವಳು ಎಲ್ಲವನ್ನೂ ಹೇಳಿದ್ದಳು: ಕೆಫೀನಿಗೆ ಹದವಾದ ಬಿಸಿ ತಾಗಿದರೆ ಅದು ಕರಗಿ ನೀರಾಗದೆ ನೇರ ಆವಿಯಾಗುತ್ತದೆ, ಕಾಗದದ ತೂತುಗಳಿಂದ ಮೇಲೆ ಹೋಗಿ ತಣ್ಣನೆಯ ಗಾಜಿಗೆ ತಾಗಿದ ಕೂಡಲೇ ಮತ್ತೆ ಹರಳಾಗುತ್ತದೆ, ಕೊಳೆ ಕೆಳಗೇ ಉಳಿಯುತ್ತದೆ. ಅವಸರಪಟ್ಟು ಉರಿ ಜಾಸ್ತಿ ಮಾಡಿದರೆ ಬಟ್ಟಲಿನಲ್ಲಿದ್ದದ್ದು ಸೀದು ಎಲ್ಲಾ ಹಾಳು.

ಮೇಡಂ ಕೈ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದರು. ತಂಗಿ ಬಗ್ಗಿ ಆಲಿಕೆಯನ್ನು ನೋಡಿದಳು. ನೇರವಾದಳು. ಮತ್ತೆ ಬಗ್ಗಿದಳು. ಆಲಿಕೆಯ ಗಾಜು ಹಾಗೇ ಇತ್ತು, ಆಚೆ ಬದಿಯ ಗೋಡೆ ಕಾಣುವಷ್ಟು ಸ್ವಚ್ಛ. ಅವಳ ಕೈ ಉರಿಯ ತಿರುಪಿನ ಮೇಲೆ ಹೋಯಿತು. ಸ್ವಲ್ಪ ಹೆಚ್ಚಿಸಿದಳು. ಕಾದಳು. ಇನ್ನೂ ಸ್ವಲ್ಪ. ಅವಳಿಗೆ ಗೊತ್ತಿದ್ದ ತಪ್ಪನ್ನೇ ಅವಳು ಮಾಡುತ್ತಿದ್ದಳು. ಕಾಗದದ ಅಂಚು ಕಂದಿತು. ಸೀದ ವಾಸನೆ ಕಿಟಕಿಯ ಹೊರಗೂ ಬಂತು. ಬಾಣಲೆಯಲ್ಲಿ ಚರಟ ಹುರಿಯುವಾಗ ಬರುವ ವಾಸನೆಗೆ ಹತ್ತಿರವಿತ್ತು ಅದು.

ಅಟೆಂಡರನ್ನು ಸರಿಸಿಕೊಂಡು ಒಳಗೆ ಹೋದೆ.

"ಅವಳ ತಪ್ಪಲ್ಲ ಮೇಡಂ. ಪುಡೀದು."

ತಂಗಿ ತಿರುಗಿ ನೋಡಿದಳು. "ಅಕ್ಕ, ನೀನ್ಯಾಕೆ ಬಂದೆ?"

ನಾನು ಅವಳ ಕಡೆ ನೋಡದೆ ಎರಡೂ ಡಬ್ಬಗಳನ್ನು ಮೇಜಿನ ಮೇಲಿಟ್ಟು ಮೇಡಂಗೇ ಹೇಳಿದೆ. ಮೊದಲು ಕೊಟ್ಟದ್ದು ಒಂದು ಸಲ ಕುದಿಸಿ ಒಣಗಿಸಿದ್ದು, ಆಮೇಲೆ ಕೊಟ್ಟದ್ದು ಹೊಸದು, ಅವಳಿಗೆ ಇದ್ಯಾವುದೂ ತಿಳಿಯದು. "ನಂಗೂ ಗೊತ್ತಿರ್ಲಿಲ್ಲ ಮೇಡಂ, ಇವತ್ತು ಯೋಚ್ನೆ ಬಂತು," ಎಂದೂ ಸೇರಿಸಿದೆ. ಅಷ್ಟು ದೂರ ನಡೆದು ಬಂದವಳು ಅಲ್ಲೂ ಒಂದು ಸುಳ್ಳನ್ನು ಉಳಿಸಿಕೊಂಡೆ.

ಮೇಡಂ ನನ್ನ ಕಡೆ ತಿರುಗಿದರು. "ನೋಡಿ, ಅಕ್ಕ ಆದೋರು ತಂಗೀನ ಉಳಿಸೋಕೆ ಏನು ಬೇಕಾದ್ರೂ ಹೇಳ್ತಾರೆ. ಮಾತನ್ನ ನಾನು ಹೇಗೆ ನಂಬಲಿ?"

"ಮಾತು ನಂಬಬ್ಯಾಡಿ. ಡಬ್ಬ ಇಲ್ಲೇ ಅವೆ."

ಅವರು ಎರಡೂ ಮುಚ್ಚಳ ತೆಗೆದು ಮೂಸಿದರು. ಚರಟದ ಡಬ್ಬದಿಂದ ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ತಿಕ್ಕಿ ನೋಡಿದರು. ಎರಡರಿಂದಲೂ ಒಂದೇ ತೂಕ ತಾವೇ ತೂಗಿದರು. ಸ್ಟೋರಿನ ಕೀಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. "ಮಾಡು. ಎರಡೂ ಒಟ್ಟಿಗೆ," ಎಂದು ತಂಗಿಗೆ ಹೇಳಿದರು. ನನಗೆ ಒಂದು ಸ್ಟೂಲು ತೋರಿಸಿದರು.

ಆ ಮಧ್ಯಾಹ್ನವೆಲ್ಲ ನಾನು ಆ ಸ್ಟೂಲಿನ ಮೇಲಿದ್ದೆ. ತಂಗಿ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ಎರಡು ಪಾತ್ರೆ, ಎರಡು ಸೋಸುವಿಕೆ. ಎರಡೂ ಕಡು ಕಂದು ನೀರು, ನನ್ನ ಕಣ್ಣಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ನಾನೇ ಡಬ್ಬ ಅದಲುಬದಲು ಮಾಡಿ ತಂದಿದ್ದರೆ? ಗಾಜಿನ ಬುರುಡೆಯನ್ನು ಅವಳು ಬೋರಲು ಹಿಡಿದು ನಲ್ಲಿ ತಿರುಗಿಸಿದಾಗ ಒಳಗಿನ ಒತ್ತಡ ಉಸ್ ಎಂದು ಹೊರಗೆ ಬರುತ್ತಿತ್ತು. ಆ ಸದ್ದಿಗೂ ಬೆಚ್ಚುತ್ತಿದ್ದೆ. ತಳದ ಪದರವನ್ನು ಇಳಿಸಿಕೊಂಡಳು. ಅದರಲ್ಲಿ ಉಳಿದ ನೀರಿನ ಪಸೆಯನ್ನು ಹೀರಲೆಂದು ಬಿಳಿ ಪುಡಿಯೊಂದನ್ನು ಹಾಕಿ ಸೋಸಿದಳು. ಹೊಗೆ ಎಳೆಯುವ ಗೂಡಿನೊಳಗೆ ಬಿಸಿನೀರಿನ ಮೇಲಿಟ್ಟು ದ್ರವವನ್ನು ಆರಿಸಿದಳು. ಒಂದು ಬಟ್ಟಲಿನ ತಳದಲ್ಲಿ ಹಸಿರು ಛಾಯೆಯ ಬಿಳಿ ಪದರ ಉಳಿಯಿತು. ಇನ್ನೊಂದರಲ್ಲಿ ಎಣ್ಣೆ ಒರಸಿದಂಥ ಕಲೆ. ಮೇಡಂ ಎರಡನ್ನೂ ಬಗ್ಗಿ ನೋಡಿದರು.

ಮರಳು ಬಿಸಿಯಾಯಿತು. ಈ ಸಲ ತಂಗಿ ಉರಿಯ ತಿರುಪನ್ನು ಮುಟ್ಟಲಿಲ್ಲ. ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಳು. ಆ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಬಹಳ ಹೊತ್ತು ಎರಡು ಆಲಿಕೆಗಳೂ ಖಾಲಿ. ಆಮೇಲೆ ಒಂದರ ಒಳಗೆ ಹೊಗೆಯಂಥದ್ದು ಸುಳಿಯಿತು. ಗಾಜು ಮಬ್ಬಾಯಿತು. ಮಬ್ಬಿನೊಳಗಿನಿಂದ ಕೂದಲೆಳೆಯಷ್ಟು ತೆಳ್ಳನೆಯ ಒಂದು ಸೂಜಿ ಚಾಚಿಕೊಂಡಿತು, ಪಕ್ಕದಲ್ಲಿ ಇನ್ನೊಂದು, ನೋಡನೋಡುತ್ತಿದ್ದಂತೆ ಗೋಡೆಯ ತುಂಬ. ಇನ್ನೊಂದು ಆಲಿಕೆಯಲ್ಲಿ ಒಂದು ಸಣ್ಣ ಮಸುಕು, ಅಷ್ಟೇ.

"ಸಾಕು, ಆರಿಸು," ಎಂದರು ಮೇಡಂ. ಗಾಜು ತಣ್ಣಗಾದ ಮೇಲೆ ತಂಗಿಯ ಕಡೆ ತಿರುಗಿದರು. "ಸ್ಟೋರಿನ ವಿಷಯ ನಾನು ಅನ್ನಬಾರದಿತ್ತು. ನಾಳೆ ಕ್ಲಾಸಿನಲ್ಲೇ ಹೇಳ್ತೀನಿ, ಅವರೆಲ್ಲರ ಮುಂದೆ ತಾನೇ ಅಂದದ್ದು. ಕಾರ್ಖಾನೆಯವರಿಗೂ ಫೋನ್ ಮಾಡ್ತೀನಿ." ನನ್ನ ಕಡೆ ನೋಡಿ ಇನ್ನೊಂದು ಮಾತು ಹೇಳಿದರು. "ಹರಾಜಿನ ಹತ್ತಿರ ಹೋದಾಗ ನಾನೂ ನಿಮ್ಮ ಟೀ ಕುಡಿದಿದ್ದೀನಿ. ಆ ಡಬ್ಬ ಇಲ್ಲೇ ಬಿಟ್ಟುಹೋಗಿ. ಇನ್ನು ಹಾಗೆ ಮಾಡಿದ್ದು ಗೊತ್ತಾದ್ರೆ ನಾನೇ ದೂರು ಕೊಡ್ತೀನಿ."

ಹೂಂ ಎಂದೆ. ಅದಾದ ಮೇಲೆ ನಾನು ಚರಟ ಒಣಗಿಸಿಲ್ಲ. ಅದು ದೊಡ್ಡ ಮಾತಲ್ಲ.

ಕಾಲೇಜಿನ ಗೇಟಿನವರೆಗೂ ತಂಗಿ ನನ್ನ ಜೊತೆ ಬಂದಳು. ಮಡಿಕೇರಿ ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಇಳಿದ ಮೇಲೆ ಅವಳು ನಿಂತಳು.

"ಅಕ್ಕ, ಒಂದ್ ಕೇಳ್ತೀನಿ. ನಿಜ ಹೇಳ್ತೀಯಾ?"

"ಕೇಳು."

"ಎರಡನೇ ಸಲ ಪುಡಿ ಕೊಡುವಾಗ ಬೆನ್ನು ಮಾಡ್ಕೊಂಡು ನಿಂತಿದ್ದೆ. ಹೊಸ ಡಬ್ಬದಿಂದ ಕೊಟ್ಟೆ. ಹಂಗಾದ್ರೆ ಅವತ್ತೇ ಗೊತ್ತಿತ್ತು ನಿಂಗೆ. ಒಳಗೆ ಮೇಡಂ ಹತ್ರ ಇವತ್ತು ಗೊತ್ತಾಯ್ತು ಅಂದೆ."

ಅವಳು ಕೂಗಾಡಲಿಲ್ಲ. ಲ್ಯಾಬಿನಲ್ಲಿ ಆಲಿಕೆಯನ್ನು ನೋಡುತ್ತಿದ್ದ ಹಾಗೆಯೇ ನನ್ನ ಮುಖ ನೋಡುತ್ತಿದ್ದಳು. ಏನಾದರೂ ಬರುತ್ತದೆಯೋ ಇಲ್ಲವೋ ಎಂದು. ರಸ್ತೆಯಲ್ಲಿ ಹೋಗುವವರು ನಮ್ಮನ್ನು ನೋಡುತ್ತಿದ್ದರು. ನೋಡಲಿ ಎಂದುಕೊಂಡೆ.

"ಗೊತ್ತಿತ್ತು ಕಣೇ. ಅದಕ್ಕೂ ಒಂದು ದಿನ ಮುಂಚೆ, ಚರಟದಲ್ಲಿ ಏನೂ ಉಳಿಯಲ್ಲ ಅಂದ್ಯಲ್ಲ, ಆ ಸಂಜೇನೇ ಗೊತ್ತಾಯ್ತು. ನಿನ್ನ ಕಳ್ಳಿ ಅಂದ ದಿನಾನೂ ಗೊತ್ತಿತ್ತು. ಪುಡಿ ಅದೇ ಅಲ್ವಾ ಅಂತ ನೀ ಕೇಳ್ದಾಗ್ಲೂ ಗೊತ್ತಿದ್ದೇ ತಲೆ ಆಡಿಸ್ದೆ. ನನ್ನ ಮಾನ ಉಳಿಸ್ಕೊಳ್ಳಾಕೆ ನಿನ್ನ ಮಾನ ಕಳೆದೆ. ತಪ್ಪಾಯ್ತು ಕಣವ್ವ, ನಂದು ದೊಡ್ಡ ತಪ್ಪಾಯ್ತು. ನನ್ನ ಕ್ಷಮಿಸು."